ಅಜ್ಜಿಯ ಹೊದಿಕೆಯ ಕೆಳ ಅಂಚು

ಡಿಸೆಂಬರ್ ಎರಡನೇ ವಾರ. ಇಂಟರ್ನಲ್ಸ್‌ಗೆ ಇನ್ನು ಮೂರೇ ದಿನ ಇತ್ತು. ಸಕಲೇಶಪುರದಿಂದ ಅಜ್ಜಿ ಫೋನ್ ಮಾಡಿದ್ರು. ಊಟ ಆಯ್ತಾ, ಹಾಸ್ಟೆಲಲ್ಲಿ ಬಿಸಿನೀರು ಬರುತ್ತಾ ಅಂತೆಲ್ಲ ಕೇಳಿ ಆದಮೇಲೆ, ಫೋನ್ ಇಡೋ ಹೊತ್ತಿಗೆ, ಬೇರೇನೋ ನೆನಪಾದ ಹಾಗೆ ಹೇಳಿದ್ರು: "ಪುಟ್ಟಾ, ನಿನ್ನ ಹೊದಿಕೆ ಕಾಲ ಹತ್ರ ಬಾಯಿ ಬಿಟ್ಕೊಂಡಿದೆ ಕಣೋ. ನಾನೇ ಸೂಜಿದಾರ ತಗೊಂಡು ನಾಲ್ಕು ಹೊಲಿಗೆ ಹಾಕಿದೀನಿ. ನೀನು ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ, ಓದ್ಕೋ."

ತಲೆ ಕೆಡಿಸ್ಕೋಬೇಡ ಅಂದಮೇಲೆ ಕೆಡದೇ ಇರುತ್ತಾ? ಆ ಹೊದಿಕೆ ನಾನು ಕ್ರೋಷಾದಲ್ಲಿ ಹಾಕಿದ ಮೊದಲ ದೊಡ್ಡ ಕೆಲಸ. ಅಗಲಕ್ಕೆ 126 ಹೊಲಿಗೆ, ಉದ್ದಕ್ಕೆ 176 ಸಾಲು. ಗುಣಿಸಿ ನೋಡಿದರೆ ಇಪ್ಪತ್ತೆರಡು ಸಾವಿರ ದಾಟುತ್ತೆ. ಎರಡನೇ ಸೆಮಿಸ್ಟರ್ ರಜೆ ಪೂರ್ತಿ ಅದಕ್ಕೇ ಹೋಗಿತ್ತು. ದಸರಾಕ್ಕೆ ಊರಿಗೆ ಹೋದಾಗ ಕೊಟ್ಟಿದ್ದೆ. ಎರಡು ತಿಂಗಳು ಕೂಡ ಬಾಳಲಿಲ್ಲ.

ನಾನು ಕ್ರೋಷಾ ಕಲಿತಿದ್ದು ಲಾಕ್‌ಡೌನ್‌ನಲ್ಲಿ, ಈ ಅಜ್ಜಿ ಹತ್ರಾನೇ. ಅಪ್ಪ ಅಮ್ಮ ಬೆಂಗಳೂರಲ್ಲಿ, ನಾನು ಅಜ್ಜಿ ಮನೇಲಿ ಸಿಕ್ಕಿಹಾಕಿಕೊಂಡಿದ್ದೆ. ನೆಟ್‌ವರ್ಕ್ ಬರ್ತಿರಲಿಲ್ಲ, ಆನ್‌ಲೈನ್ ಕ್ಲಾಸು ಅರ್ಧಕ್ಕೇ ನಿಂತುಹೋಗ್ತಿತ್ತು. ಹುಡುಗ ಸುಮ್ಮನೆ ಕೂತಿದ್ದಾನಲ್ಲ ಅಂತ ಅಜ್ಜಿ ಕೈಗೊಂದು ಕಡ್ಡಿ ಕೊಟ್ಟರು. ಆಗ ಅವರ ಬೆರಳು ಚೆನ್ನಾಗಿ ಆಡ್ತಿತ್ತು. ಈಗ ಗಂಟುಗಂಟಾಗಿ ಊದಿಕೊಂಡಿವೆ, ಬೆಳಗ್ಗೆ ಎದ್ದ ತಕ್ಷಣ ಲೋಟ ಹಿಡಿಯೋದಕ್ಕೂ ಕಷ್ಟ. ತಮಗೆ ತಾವೇ ಹೊದಿಕೆ ಹಾಕಿಕೊಳ್ಳೋಕೆ ಆಗಲ್ಲ ಅನ್ನೋ ಕಾರಣಕ್ಕೇ ನಾನು ಹಾಕಿಕೊಟ್ಟಿದ್ದು. ಅದು ಹರಿದಾಗ ಆ ಬೆರಳುಗಳಲ್ಲೇ ಅವರು ಸೂಜಿ ಹಿಡಿದು ಹೊಲಿದಿದ್ದಾರೆ. ಮೆಕ್ಯಾನಿಕಲ್ ಓದ್ತಿರೋ ಮೊಮ್ಮಗ ಮಾಡಿದ ವಸ್ತು ಫೇಲ್ ಆಗಿ ಅಜ್ಜಿ ರಿಪೇರಿ ಮಾಡಿದ್ರು ಅಂದ್ರೆ ಹೇಗಾಗಬೇಡ ನನಗೆ.

ಫೋಟೋ ಕಳಿಸೋಕೆ ಹೇಳಿದೆ. ಪಕ್ಕದ ಮನೆಯವರು ತೆಗೆದು ಕಳಿಸಿದರು. ಹರಿದಿದ್ದು ನಡುವೆಯಲ್ಲ, ಮೇಲಲ್ಲ. ಸರಿಯಾಗಿ ಕೆಳ ಅಂಚು, ಅಂದರೆ ನಾನು ಶುರು ಮಾಡಿದ ಜಾಗ. ಮೊದಲ ದಿನ ಹಾಕಿದ ಚೈನು ಒಂದು ಕಡೆ ತುಂಡಾಗಿ, ಅದರ ಮೇಲಿನ ನಾಲ್ಕೈದು ಹೊಲಿಗೆ ಬಾಯಿ ಬಿಟ್ಟಿದ್ದವು.

ಕ್ರೋಷಾ ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯವಾಗಿ ಯಾವುದನ್ನೇ ಹಾಕಬೇಕಾದರೂ ಮೊದಲು ಚೈನು, ಅಂದರೆ ಕುಣಿಕೆಯೊಳಗೆ ಕುಣಿಕೆ ಎಳೆದ ಒಂದು ಸರಪಳಿ ಹಾಕ್ತೀವಿ. ಅಗಲ ಎಷ್ಟು ಬೇಕೋ ಅಷ್ಟು ಉದ್ದ. ಆಮೇಲೆ ವಾಪಸ್ ತಿರುಗಿ ಒಂದೊಂದು ಚೈನಿನೊಳಗೂ ಒಂದೊಂದು ಹೊಲಿಗೆ ಹಾಕುತ್ತಾ ಬಂದರೆ ಮೊದಲ ಸಾಲು. ಅದರ ಮೇಲೆ ಎರಡನೇದು, ಮೂರನೇದು. ನಾನು ಹಾಕಿದ್ದು ಸಿಂಗಲ್ ಕ್ರೋಷೆ, ಗಿಡ್ಡ, ಒತ್ತೊತ್ತಾಗಿ ಬರೋ ಹೊಲಿಗೆ. ಬೆಚ್ಚಗಿರುತ್ತೆ ಅಂತ. (ಅಜ್ಜಿಯ ಟ್ರಂಕಿನಲ್ಲಿರೋ ಹಳೇ ಇಂಗ್ಲಿಷ್ ಪುಸ್ತಕದಲ್ಲಿ ಇದೇ ಹೊಲಿಗೆಗೆ ಡಬಲ್ ಕ್ರೋಷೆ ಅಂತ ಇದೆ. ಬ್ರಿಟನ್ನಿನವರ ಹೆಸರು ಬೇರೆ, ಅಮೆರಿಕದವರದ್ದು ಬೇರೆ. ಇದು ಗೊತ್ತಾಗೋ ಮುಂಚೆ ಒಂದು ಮಫ್ಲರ್ ಹಾಳು ಮಾಡಿದ್ದೆ.)

ನಿಜ ಹೇಳಬೇಕು ಅಂದರೆ ತೊಂದರೆ ಮೊದಲ ದಿನಾನೇ ಕಾಣಿಸಿತ್ತು. 5 ಮಿಲಿಮೀಟರ್ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂಟಿಮೀಟರಿಗೆ 14 ಸಿಂಗಲ್ ಕ್ರೋಷೆ ಬರುತ್ತೆ. 90 ಸೆಂಟಿಮೀಟರ್ ಅಗಲಕ್ಕೆ 126. ಲೆಕ್ಕ ಸರಿ. ಆದರೆ ಚೈನು ಹಾಕಿ ಮುಗಿಸಿ ಟೇಪ್ ಹಿಡಿದಾಗ ಅದರ ಉದ್ದ 74 ಇತ್ತು. ಮುಂದೆ ಹೊಲಿಗೆ ಬಿದ್ದಹಾಗೆ ಹಿಗ್ಗುತ್ತೆ ಬಿಡು ಅಂದುಕೊಂಡೆ. ಮೊದಲ ಸಾಲು ಹಾಕಿದ ಮೇಲೆ ಹಿಗ್ಗಿತು ಕೂಡ, 79ಕ್ಕೆ ಬಂತು. ಅಲ್ಲಿಗೇ ನಿಂತಿತು. ಮೇಲಿನ ಸಾಲುಗಳು ಮಾತ್ರ ತಮ್ಮ ಪಾಡಿಗೆ ತಾವು 90 ತಲುಪಿದವು. ಮುಗಿದಾಗ ಹೊದಿಕೆ ಆಯತ ಆಗಿರಲಿಲ್ಲ, ಟ್ರೆಪೀಜಿಯಂ ಆಗಿತ್ತು. ಕೆಳಗಡೆ ಲಂಗದ ನೆರಿಗೆ ಹಾಗೆ ಸುಕ್ಕು. ಒಗೆದರೆ ಸರಿ ಹೋಗುತ್ತೆ ಅಂತ ಎರಡನೇ ಸುಳ್ಳು ಹೇಳಿಕೊಂಡೆ. ಅಕ್ರಿಲಿಕ್ ಉಲ್ಲನ್, ಎಷ್ಟು ಒಗೆದರೂ ಆ ಅಂಚು ಜಗ್ಗಲಿಲ್ಲ. ದಸರಾಕ್ಕೆ ಕೊಟ್ಟಾಗ ಅಜ್ಜಿ ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ "ಚೆನ್ನಾಗಿದೆ ಕಣೋ" ಅಂದಿದ್ದರು. ಬೆರಳು ಸರಿಯಾಗಿ ಅಲ್ಲೇ ಹೋಗಿತ್ತು ಅನ್ನೋದು ನನಗೆ ಆಮೇಲೆ ಹೊಳೆದಿದ್ದು.

ಸುಕ್ಕು ಕಾಣೋದು ಅಂದಚೆಂದದ ವಿಷಯ ಅಂದುಕೊಂಡಿದ್ದೆ. ಅದು ಬಲದ ವಿಷಯ ಅಂತ ಗೊತ್ತಾಗಿದ್ದು ಅದೇ ಇಂಟರ್ನಲ್ಸ್‌ಗೆ ಮೆಕ್ಯಾನಿಕ್ಸ್ ಆಫ್ ಮಟೀರಿಯಲ್ಸ್ ಓದುವಾಗ. ಬೇರೆ ಬೇರೆ ಬಿಗುವಿನ ಎರಡು ಸರಳುಗಳನ್ನ ಅಕ್ಕಪಕ್ಕ ಜೋಡಿಸಿ ಒಟ್ಟಿಗೆ ಎಳೆಯೋ ಪ್ರಾಬ್ಲಂ ಎಲ್ಲರೂ ಮಾಡಿರ್ತೀರಿ. ಎರಡೂ ಒಂದೇ ಅಷ್ಟು ಉದ್ದ ಆಗಲೇಬೇಕು, ಹಾಗಾಗಿ ಹೆಚ್ಚು ಬಿಗಿ ಇರೋದು ಹೆಚ್ಚು ಭಾರ ಹೊರುತ್ತೆ. ಅಜ್ಜಿ ಮಲಗುವಾಗ ಹೊದಿಕೆಯ ಕೆಳ ಅಂಚನ್ನ ಪಾದದ ಕೆಳಗೆ ಸಿಕ್ಕಿಸಿಕೊಂಡು ಕಾಲು ಚಾಚುತ್ತಾರೆ. ಸಕಲೇಶಪುರದ ಚಳಿಗೆ ಅದು ಬೇಕೇ ಬೇಕು. ಆಗ ಕೆಳಗಿನ ನಾಲ್ಕು ಬೆರಳಗಲದ ಬಟ್ಟೆ ಅಡ್ಡಡ್ಡ ಎಳೆತಕ್ಕೆ ಸಿಗುತ್ತೆ. ಮೇಲಿನ ಸಾಲುಗಳು ಹಿಗ್ಗಿ ಜಾಗ ಕೊಡ್ತವೆ. ಮೊದಲೇ ಸೆಟೆದು ನಿಂತಿರೋ ಚೈನು ಹಿಗ್ಗಲ್ಲ. ಎಳೆತ ಎಲ್ಲ ಅದರ ಮೇಲೇ ಬೀಳುತ್ತೆ, ಅದೂ ಒಂದೇ ಒಂದು ಎಳೆ ಸರಪಳಿಯ ಮೇಲೆ. ಎರಡು ತಿಂಗಳು ತಡೆದಿದ್ದೇ ಹೆಚ್ಚು.

ಆದರೆ ಚೈನು ಯಾಕೆ ಹಿಗ್ಗಲ್ಲ? ದಾರ ಅದೇ, ಕಡ್ಡಿ ಅದೇ, ಕೈಯೂ ಅದೇ. ಇದಕ್ಕೆ ಉತ್ತರ ಹುಡುಕೋಕೆ ಹಾಸ್ಟೆಲ್ ಮಂಚದ ಮೇಲೆ ಕೂತು ಒಂದು ತುಂಡು ಹಾಕಿ, ಕಣ್ಣ ಹತ್ತಿರ ಹಿಡಿದು ಎಳೆದು ಎಳೆದು ನೋಡಿದೆ.

ಸಿಂಗಲ್ ಕ್ರೋಷೆಯ ಒಂದು ಹೊಲಿಗೆಗೆ ಎರಡು ಭಾಗ ಇವೆ. ಮೇಲೆ ಇಂಗ್ಲಿಷಿನ ವಿ ಥರ ಕಾಣೋ ತಲೆ, ಕೆಳಗೆ ಎರಡು ಕಾಲು. ಬಟ್ಟೆಯನ್ನ ಅಡ್ಡ ಎಳೆದಾಗ ಕಾಲುಗಳು ಸ್ವಲ್ಪ ಗಿಡ್ಡ ಆಗ್ತವೆ, ಅಲ್ಲಿಂದ ಜಾರಿದ ದಾರ ತಲೆಗೆ ಬರುತ್ತೆ, ತಲೆ ಅಗಲ ಆಗುತ್ತೆ. ಬಿಟ್ಟರೆ ವಾಪಸ್. ಅಂದರೆ ಹಿಗ್ಗೋದಕ್ಕೆ ಬೇಕಾದ ದಾರ ಕಾಲುಗಳಲ್ಲಿ ಉಳಿತಾಯ ಆಗಿರುತ್ತೆ. ಚೈನಿಗೆ ಈ ಕಾಲು ಇಲ್ಲ. ಬರೀ ತಲೆಗಳ ಸಾಲು. ಹಾಕುವಾಗ ಎಡಗೈಯಲ್ಲಿ ಅದನ್ನ ಕೆಳಗೆ ಜಗ್ಗುತ್ತಲೇ ಇರ್ತೀವಿ, ಹಾಗಾಗಿ ಹುಟ್ಟುವಾಗಲೇ ಪೂರ್ತಿ ಚಾಚಿಕೊಂಡಿರುತ್ತೆ.

ಸರಿ, ಮೊದಲ ಸಾಲು ಬಿದ್ದ ಮೇಲೆ ಅದರ ಕಾಲುಗಳಿಂದ ಚೈನಿಗೆ ದಾರ ಸಿಗಬಹುದಲ್ಲ ಅಂತ ಕೇಳಬಹುದು. ಸಿಗಲ್ಲ. ಮುಖ್ಯವಾದ ವಿಷಯ ಇಲ್ಲೇ ಇರೋದು. ಚೈನಿನ ದಾರ ಎಡದಿಂದ ಶುರುವಾಗಿ 127 ಕುಣಿಕೆ ದಾಟಿ ಬಲತುದಿಗೆ ಹೋಗಿ ಮುಗಿದುಹೋಗಿದೆ. ಆಮೇಲೆ ದಾರ ತಿರುಗಿ ಮೊದಲ ಸಾಲಾಗಿ ವಾಪಸ್ ಬರುತ್ತೆ. ಒಂದೇ ಉಂಡೆಯ ದಾರವಾದರೂ ಇವು ಎರಡು ಬೇರೆ ಬೇರೆ ಉದ್ದಗಳು, ಬಲತುದಿಯಲ್ಲಿ ಮಾತ್ರ ಕೂಡಿವೆ. ಮೊದಲ ಸಾಲಿನ ಕಾಲು ಚೈನನ್ನ ತಬ್ಬಿಕೊಂಡಿದೆ, ಅಷ್ಟೆ. ತನ್ನ ದಾರವನ್ನ ಅದಕ್ಕೆ ಕೊಡೋ ದಾರಿ ಇಲ್ಲ.

ಕೆಳಗೆ ಒಂದು ಬಾರ್ಡರ್ ಹಾಕಿಬಿಡು ಅಂತ ಒಬ್ಬಳು ಕ್ಲಾಸ್‌ಮೇಟ್ ಹೇಳಿದಳು, ಅವಳಮ್ಮ ಸೀರೆಗೆ ಕ್ರೋಷಾ ಕುಚ್ಚು ಹಾಕ್ತಾರೆ. ಬಾರ್ಡರ್ ಹಾಕಿದರೆ ಸುಕ್ಕು ಮುಚ್ಚಿಹೋಗುತ್ತೆ ನಿಜ. ಆದರೆ ಆ ಚೈನು ಒಳಗೆ ಹಾಗೇ ಇರುತ್ತಲ್ಲ, 79 ಸೆಂಟಿಮೀಟರ್ ಉದ್ದವಾಗಿ. ಗೋಡೆ ಬಿರುಕಿಗೆ ಸುಣ್ಣ ಬಳಿದ ಹಾಗೆ. ಚೈನನ್ನ ಮಾತ್ರ ಕತ್ತರಿಸಿ ತೆಗೆಯೋಕೂ ಒಂದು ತುಂಡಿನ ಮೇಲೆ ನೋಡಿದೆ. ಕ್ರೋಷಾ ಮೇಲಿಂದ ಎಳೆದರೆ ಸರ್ರಂತ ಬಿಚ್ಚಿಕೊಳ್ಳುತ್ತೆ, ಕೆಳಗಿಂದ ಬಿಚ್ಚಲ್ಲ. ಒಂದೊಂದೇ ಕುಣಿಕೆಯನ್ನ ಸೂಜಿ ಮೊನೆಯಲ್ಲಿ ಬಿಡಿಸಬೇಕು, ಬಿಡಿಸಿದ ಹಾಗೆ ಮೊದಲ ಸಾಲಿನ ಬುಡ ಸಡಿಲ ಆಗ್ತಾ ಬರುತ್ತೆ. ಇಪ್ಪತ್ತೆಂಟು ಹೊಲಿಗೆಯ ತುಂಡಿಗೇ ತಾಳ್ಮೆ ಮುಗಿಯಿತು. 126ಕ್ಕೆ ನನ್ನಿಂದ ಆಗಲ್ಲ. ಬೇರೆ ಕಡೆಯಿಂದಾನೇ ಶುರು ಮಾಡಬೇಕು ಅಂದರೆ ಹೊದಿಕೆ ಪೂರ್ತಿ ಬಿಚ್ಚಬೇಕು.

ಆಗ ಸಿಕ್ಕಿದ್ದು ಫೌಂಡೇಶನ್ ಸಿಂಗಲ್ ಕ್ರೋಷೆ. ಹೆಸರು ದೊಡ್ಡದು, ವಿಷಯ ಸಣ್ಣದು. ಚೈನು ಪೂರ್ತಿ ಮೊದಲು ಹಾಕಿ ಆಮೇಲೆ ಸಾಲು ಹಾಕೋ ಬದಲು, ಒಂದು ಚೈನು ಮತ್ತು ಅದರ ಮೇಲಿನ ಒಂದು ಹೊಲಿಗೆ ಎರಡನ್ನೂ ಜೊತೆಜೊತೆಗೇ ಹಾಕಿಕೊಂಡು ಹೋಗೋದು. ಮಹಡಿ ಕಟ್ಟುವಾಗ ಪೂರ್ತಿ ತಳಪಾಯ ಮುಗಿಸದೆ, ಒಂದಡಿ ತಳಪಾಯ ಒಂದಡಿ ಗೋಡೆ ಅಂತ ಪಕ್ಕಕ್ಕೆ ಸರೀತಾ ಹೋದ ಹಾಗೆ. ಸಿವಿಲ್‌ನವರು ಕ್ಷಮಿಸಿ.

ಮಾಡೋದು ಹೀಗೆ. ಕಡ್ಡಿಗೆ ಜಾರುಗಂಟು ಹಾಕಿ, ಎರಡು ಚೈನು ಹಾಕಿ. ಕಡ್ಡಿಯಿಂದ ಎಣಿಸಿದರೆ ಎರಡನೇದು, ಅಂದರೆ ನೀವು ಮೊದಲು ಹಾಕಿದ ಚೈನಿನೊಳಗೆ ಕಡ್ಡಿ ತೂರಿಸಿ ದಾರ ಸುತ್ತಿ ಒಂದು ಕುಣಿಕೆ ಎಳೆದುಕೊಳ್ಳಿ. ಈಗ ಕಡ್ಡಿ ಮೇಲೆ ಎರಡು ಕುಣಿಕೆ. ಮಾಮೂಲಿ ಸಿಂಗಲ್ ಕ್ರೋಷೆ ಆಗಿದ್ದರೆ ದಾರ ಸುತ್ತಿ ಎರಡರಿಂದಲೂ ಎಳೆದುಬಿಡ್ತಿದ್ವಿ. ಇಲ್ಲಿ ಹಾಗೆ ಮಾಡಬಾರದು. ದಾರ ಸುತ್ತಿ ಬರೀ ಮುಂದಿನ ಒಂದು ಕುಣಿಕೆಯಿಂದ ಮಾತ್ರ ಎಳೀಬೇಕು. ಕಡ್ಡಿ ಮೇಲೆ ಈಗಲೂ ಎರಡೇ ಕುಣಿಕೆ, ಆದರೆ ಕೆಳಗೊಂದು ಹೊಸ ಚೈನು ಹುಟ್ಟಿದೆ. ಅದನ್ನ ಎಡಗೈ ಹೆಬ್ಬೆರಳಲ್ಲಿ ಚಿವುಟಿ ಹಿಡಿದುಕೊಳ್ಳಿ, ಯಾಕೆ ಅಂತ ಈಗಲೇ ಗೊತ್ತಾಗುತ್ತೆ. ಆಮೇಲೆ ದಾರ ಸುತ್ತಿ ಎರಡೂ ಕುಣಿಕೆಯಿಂದ ಎಳೆದರೆ ಮೊದಲ ಹೊಲಿಗೆ ಮುಗೀತು.

ಎರಡನೇ ಹೊಲಿಗೆಗೆ ಕಡ್ಡಿ ಎಲ್ಲಿ ತೂರಿಸಬೇಕು? ಹೆಬ್ಬೆರಳಲ್ಲಿ ಹಿಡಿದಿದ್ದೀರಲ್ಲ, ಆ ಚೈನಿನೊಳಗೆ. ಅದರ ಎರಡೂ ಎಳೆಗಳ ಅಡಿಯಿಂದ. ಅಲ್ಲಿಂದ ಕುಣಿಕೆ ಎಳೆದುಕೊಂಡು, ಮತ್ತೆ ಒಂದರಿಂದ ಎಳೆದು ಚೈನು, ಎರಡರಿಂದ ಎಳೆದು ಹೊಲಿಗೆ. ಹೊಸ ಚೈನನ್ನ ಚಿವುಟಿ ಹಿಡಿಯೋದು. ಇಷ್ಟೇ, 126 ಸಲ.

ಈಗ ದಾರ ಹೋದ ದಾರಿ ನೋಡಿ. ಒಂದು ಕಾಲು, ಅದರ ಬುಡದಲ್ಲಿ ಒಂದು ಚೈನು, ಮೇಲೆ ಒಂದು ತಲೆ, ಮತ್ತೆ ಮುಂದಿನ ಕಾಲು. ಕೆಳ ಅಂಚಿನ ಪ್ರತಿಯೊಂದು ಚೈನೂ ತನ್ನ ಪಕ್ಕದ ಕಾಲಿನ ದಾರದ್ದೇ ಮುಂದುವರಿಕೆ. ಅಡ್ಡ ಎಳೆದಾಗ ಕಾಲಿನಿಂದ ಮೇಲಕ್ಕೂ ದಾರ ಜಾರುತ್ತೆ, ಕೆಳಕ್ಕೂ ಜಾರುತ್ತೆ.

ಮಾತಲ್ಲಿ ಹೇಳಿದರೆ ಯಾರು ನಂಬ್ತಾರೆ? ನನಗೇ ನಂಬಿಕೆ ಇರಲಿಲ್ಲ, ಇಪ್ಪತ್ತೆರಡು ಸಾವಿರ ಹೊಲಿಗೆ ಬಿಚ್ಚೋ ಮೊದಲು ನೋಡಿಬಿಡೋಣ ಅಂತ 28 ಹೊಲಿಗೆಯ ಮೂರು ತುಂಡು ಹಾಕಿದೆ, ಒಂದೊಂದೂ ಹನ್ನೆರಡು ಸಾಲು. ಒಂದಕ್ಕೆ ನನ್ನ ಮಾಮೂಲಿ ಚೈನು. ಇನ್ನೊಂದಕ್ಕೆ ಚೈನು ಮಾತ್ರ 6 ಮಿಲಿಮೀಟರ್ ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿನಿಂದ ಮತ್ತೆ 5ಕ್ಕೆ ಬಂದೆ, ಇದು ತುಂಬ ಜನ ಮಾಡೋ ಉಪಾಯ. ಮೂರನೇದು ಫೌಂಡೇಶನ್. ಅಂಚಿನ ಒಂದು ತುದಿಯನ್ನ ಬಟ್ಟೆ ಕ್ಲಿಪ್‌ನಲ್ಲಿ ಕಿಟಕಿ ಸರಳಿಗೆ ಸಿಕ್ಕಿಸಿ, ಅದೇ ಅಂಚಿನ ಇನ್ನೊಂದು ತುದಿಗೆ ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿ ಅಳೆದೆ. ರೂಂಮೇಟ್ "ಮಗಾ, ಇದಕ್ಕೂ ರೆಕಾರ್ಡ್ ಬರೀಬೇಕಾ?" ಅಂದ.

ಮೂರರಲ್ಲೂ ಮೇಲಿನ ಅಂಚು ಸುಮ್ಮನಿದ್ದಾಗ 20 ಸೆಂಟಿಮೀಟರ್, ಬಾಟಲಿ ಕಟ್ಟಿದಾಗ 23ರ ಹತ್ತಿರ. ಮಾಮೂಲಿ ಚೈನಿನ ಕೆಳ ಅಂಚು ಸುಮ್ಮನಿದ್ದಾಗಲೇ 17.5, ಬಾಟಲಿ ಕಟ್ಟಿದರೆ 18.5 ಮುಟ್ಟಿ ನಿಂತಿತು. ದಪ್ಪ ಕಡ್ಡಿಯ ಚೈನು 19.5 ಇತ್ತು, ಎಳೆದಾಗ 21. ನೋಡೋಕೆ ಸುಕ್ಕಿಲ್ಲ, ಒಳ್ಳೇದೇ, ಆದರೆ ಹಿಗ್ಗೋದು ಮೇಲಿನ ಅಂಚಿನ ಅರ್ಧದಷ್ಟು. ಫೌಂಡೇಶನ್‌ದು 20, ಎಳೆದಾಗ 22.5. ಬಾಟಲಿ ತೆಗೆದ ಮೇಲೆ ವಾಪಸ್ 20ರ ಹತ್ತಿರ ಬಂತು. ಇದು ನನ್ನ ಕೈ, ನನ್ನ ದಾರದ ಲೆಕ್ಕ. ನಿಮ್ಮ ಕೈಗೆ ಅಂಕಿ ಬೇರೆ ಬರುತ್ತೆ, ಮೂರರ ಕ್ರಮ ಬದಲಾಗೋದು ಕಷ್ಟ.

ಆ ರಾತ್ರಿ ಅಲ್ಲ, ಪರೀಕ್ಷೆ ಎಲ್ಲ ಮುಗಿದು ರಜೆ ಬಂದಾಗ ಊರಿಗೆ ಹೋದೆ. ಅಜ್ಜಿ ಹಾಕಿದ ಹೊಲಿಗೆ ನೋಡಿದೆ. ಕಪ್ಪು ದಾರ, ವಕ್ರವಕ್ರ, ಆದರೆ ಗಟ್ಟಿ. ಅದನ್ನ ಕತ್ತರಿಸುವಾಗ ಮನಸ್ಸು ಬರಲಿಲ್ಲ, ಸುಳ್ಳೇಕೆ. ಅಜ್ಜಿ ಪಡಸಾಲೆಯಲ್ಲಿ ಕೂತು, ನಾನು ಬಿಚ್ಚಿದ ದಾರವನ್ನ ಕುರ್ಚಿಯ ಬೆನ್ನಿಗೆ ಸುತ್ತಿಕೊಂಡರು. ಅಷ್ಟು ಅವರ ಕೈಗೆ ಆಗುತ್ತೆ. ಎರಡು ತಿಂಗಳ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯಿತು. ದಾರ ನೂಡಲ್ಸ್ ಹಾಗೆ ಸುರುಳಿಯಾಗಿತ್ತು, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿತ್ತಲ ತಂತಿ ಮೇಲೆ ಹರವಿ ಒಣಗಿಸಿದ ಮೇಲೆ ಪರವಾಗಿಲ್ಲ ಅನ್ನಿಸಿತು.

ಹೊಸದಾಗಿ ಶುರು ಮಾಡಿದ ಮೊದಲ ಸಲ ಫೌಂಡೇಶನ್ನೂ ಕೈಕೊಟ್ಟಿತು. ಹತ್ತು ಹದಿನೈದು ಹೊಲಿಗೆ ಆದಮೇಲೆ ಪಟ್ಟಿಯನ್ನ ನೆಲದ ಮೇಲೆ ಇಟ್ಟರೆ ಬಾಳೆಹಣ್ಣಿನ ಹಾಗೆ ಬಾಗಿದೆ. ಬಾಗಿದ ಒಳಮೈಯಲ್ಲಿ ಚೈನಿನ ಅಂಚು ಇತ್ತು. ಒಳಮೈ ಅಂದರೆ ಗಿಡ್ಡ ಬದಿ, ಅಂದರೆ ಚೈನೇ ಬಿಗಿ. ಕಾರಣ ಹುಡುಕಿದರೆ ತಪ್ಪು ನನ್ನ ಹಳೇ ಅಭ್ಯಾಸದ್ದೇ. ಕಡ್ಡಿಯ ಕೊಕ್ಕೆಯ ಹತ್ತಿರ ಕುತ್ತಿಗೆ ಸಣ್ಣ ಇರುತ್ತೆ, ಅದರ ಹಿಂದೆ ಪೂರ್ತಿ ದಪ್ಪ ಬರುತ್ತೆ. 5 ಮಿಲಿಮೀಟರ್ ಅನ್ನೋದು ಆ ಹಿಂದಿನ ಭಾಗದ ಅಳತೆ. ನಾನು ಕುಣಿಕೆಯನ್ನ ಕುತ್ತಿಗೆಯಲ್ಲೇ ಬಿಗಿಮಾಡಿ ಮುಂದಕ್ಕೆ ಹೋಗ್ತಿದ್ದೆ, ಹಾಗಾಗಿ ಕಡ್ಡಿ ದಪ್ಪ ಇದ್ದರೂ ಚೈನು ಮಾತ್ರ ಸಣ್ಣ ಕಡ್ಡಿಯದ್ದಾಗ್ತಿತ್ತು. ಬುಡದ ಕುಣಿಕೆ ಎಳೆದುಕೊಂಡಾಗಲೂ, ಒಂದರಿಂದ ಎಳೆದು ಚೈನು ಮಾಡುವಾಗಲೂ, ಕುಣಿಕೆಯನ್ನ ದಪ್ಪ ಭಾಗದವರೆಗೆ ತರಬೇಕು. ಇಷ್ಟು ಮಾಡಿದ ಮೇಲೆ ಪಟ್ಟಿ ನೇರ ಬಂತು. ಅತಿ ಸಡಿಲ ಮಾಡಿದರೆ ಉಲ್ಟಾ ಬಾಗುತ್ತೆ, ಚೈನು ಹೊರಮೈಗೆ ಬರುತ್ತೆ, ಆಮೇಲೆ ಹೊದಿಕೆಯ ಬುಡ ಅಲೆಅಲೆಯಾಗುತ್ತೆ. ಹತ್ತನೇ ಹೊಲಿಗೆಗೆ ಒಮ್ಮೆ ನೆಲದ ಮೇಲೆ ಇಟ್ಟು ನೋಡಿಬಿಟ್ಟರೆ ನೂರಿಪ್ಪತ್ತಾರನೇ ಹೊಲಿಗೆಯಲ್ಲಿ ಅಳೋದು ತಪ್ಪುತ್ತೆ.

ಇನ್ನೊಂದು ತಪ್ಪು ಕಣ್ಣಿಗೆ ಬೇಗ ಬೀಳಲ್ಲ. ಚೈನಿನ ಎರಡು ಎಳೆಯ ಅಡಿಯಿಂದ ಹೋಗೋ ಬದಲು ಒಂದೇ ಎಳೆ ಹಿಡಿದರೆ ಅಂಚಿನಲ್ಲಿ ಸಣ್ಣ ಸಣ್ಣ ತೂತು ಕಾಣಿಸುತ್ತೆ. ಸರಿಯಾಗಿ ಬಂದಿದ್ದರೆ ಪಟ್ಟಿಯ ಕೆಳ ಅಂಚಿನಲ್ಲೂ ಮೇಲಿನ ಅಂಚಿನ ಹಾಗೇ ವಿ ವಿ ವಿ ಅಂತ ಒಂದು ಸಾಲು ಇರುತ್ತೆ. ಪಟ್ಟಿ ತಿರುಚಿಕೊಳ್ಳೋದು ಮಾತ್ರ ಸಹಜ, ಎರಡನೇ ಸಾಲು ಶುರು ಮಾಡೋ ಮೊದಲು ಬಿಡಿಸಿಕೊಂಡರೆ ಸಾಕು.

ಸಮಯ ಹಿಡಿಯುತ್ತೆ. 127 ಚೈನು ಹಾಕೋಕೆ ನನಗೆ ಎಂಟು ನಿಮಿಷ ಸಾಕಾಗಿತ್ತು, ಈ ಪಟ್ಟಿಗೆ ಮುಕ್ಕಾಲು ಗಂಟೆ. ಆದರೆ ಅದರಲ್ಲಿ ಮೊದಲ ಸಾಲೂ ಮುಗಿದಿರುತ್ತೆ ಅನ್ನೋದು ನೆನಪಿರಲಿ. ಎಣಿಕೆಯ ಗೋಳೂ ಕಡಿಮೆ. ಹೊಲಿಗೆ ದಪ್ಪಗೆ ಕಣ್ಣಿಗೆ ಕಾಣುತ್ತೆ, ಅಗಲ ಅಷ್ಟೇ ಅಂತ ಅಲ್ಲೇ ಗೊತ್ತಾಗುತ್ತೆ. ಪಟ್ಟಿಯನ್ನ ನೇರವಾಗಿ ಅಜ್ಜಿ ಮಂಚದ ಮೇಲೆ ಹಿಡಿದು ನೋಡಿದೆ, ಇನ್ನೂ ನಾಲ್ಕು ಬೇಕು ಅನ್ನಿಸಿತು, ಹಾಕಿದೆ. 130 ಆಯ್ತು.

ಎಲ್ಲದಕ್ಕೂ ಇದೇ ಬೇಕು ಅಂತ ಹೇಳ್ತಿಲ್ಲ. ಬ್ಯಾಗಿನ ಹಿಡಿಕೆ ಹಿಗ್ಗಬಾರದು, ಅಲ್ಲಿ ಚೈನಿನ ಬಿಗಿಯೇ ಗುಣ. ಹೊದಿಕೆಯನ್ನ ಉದ್ದ ಕಂಬದ ಹೊಲಿಗೆಯಲ್ಲಿ ಹಾಕೋದಾದರೆ ಗಿಡ್ಡ ಹೊಲಿಗೆಯ ಪಟ್ಟಿಗೂ ಅದಕ್ಕೂ ಅಗಲ ಹೊಂದದೇ ಹೋಗಬಹುದು, ಆಗ ಅದೇ ಉಪಾಯವನ್ನ ಕಂಬದಲ್ಲೇ ಮಾಡೋದು ವಾಸಿ. ಇನ್ನು ಕೈ ಸಡಿಲ ಇರೋರಿಗೆ ಈ ಕಷ್ಟ ಯಾವುದೂ ಬೇಕಿಲ್ಲದೇ ಇರಬಹುದು. ಅದಕ್ಕೆ ಸಾಕ್ಷಿ ಮನೇಲೇ ಇತ್ತು.

ಟ್ರಂಕಿನಿಂದ ಅಜ್ಜಿ ಹಾಕಿದ್ದ ಒಂದು ಹಳೇ ಹೊದಿಕೆ ತೆಗೆದು ನೋಡಿದೆ, ಅಪ್ಪನಿಗೆ ಅಂತ ಹಾಕಿದ್ದು. ಮಾಮೂಲಿ ಚೈನಿನಿಂದ ಶುರು ಮಾಡಿದ್ದು. ಒಂದು ಸುಕ್ಕಿಲ್ಲ. "ಇದು ಹೇಗೆ ಅಜ್ಜಿ? ನಂಗೂ ನೀನೇ ತಾನೆ ಹೇಳಿಕೊಟ್ಟಿದ್ದು?"

"ಸರಪಳಿಗೆ ದಪ್ಪ ಕಡ್ಡಿ ತಗೋತಿದ್ದೆ ಕಣೋ. ಕೈನೂ ಬಿಟ್ಟು ಹಾಕ್ತಿದ್ದೆ."

"ನಂಗೆ ಯಾಕೆ ಹೇಳಲಿಲ್ಲ?"

"ನೀನು ಆಗ ಮಾಡ್ತಿದ್ದಿದ್ದು ಟೀ ಲೋಟ ಇಡೋ ಬಟ್ಟೆ. ಅದಕ್ಕೆ ಯಾತಕ್ಕೆ?"

ವಾದಕ್ಕೆ ಜಾಗ ಇರಲಿಲ್ಲ. ಆದರೂ ಬಿಡದೆ ಕಿಟಕಿ ಸರಳು, ಬಾಟಲಿ ಎಲ್ಲ ಕಥೆ ಹೇಳಿ ಮೂರು ತುಂಡನ್ನೂ ಕೈಗೆ ಕೊಟ್ಟೆ. ಅವರು ಅಂಕಿ ಕೇಳಲಿಲ್ಲ. ಒಂದೊಂದೇ ಎಳೆದು ನೋಡಿ ದಪ್ಪ ಕಡ್ಡಿಯದ್ದನ್ನ ಪಕ್ಕಕ್ಕಿಟ್ಟರು, ಫೌಂಡೇಶನ್‌ದನ್ನ ಕೈಯಲ್ಲೇ ಇಟ್ಟುಕೊಂಡರು. "ಎಲ್ಲಿ, ಹೇಗೆ ಹಾಕಿದೆ ತೋರಿಸು" ಅಂದರು. ತೋರಿಸಿದೆ. ಕಡ್ಡಿ ಇಸ್ಕೊಂಡರು. ಬೆರಳು ಮಡಚೋಕೆ ಆಗ್ತಿರಲಿಲ್ಲ, ಕಡ್ಡಿಯನ್ನ ಮುಷ್ಟಿಯಲ್ಲಿ ಚಾಕುವಿನ ಹಾಗೆ ಹಿಡಿದರು. ಚೈನು ಚಿವುಟಿ ಹಿಡಿಯೋ ಕೆಲಸ ಎಡ ಹೆಬ್ಬೆರಳಿಗೆ ಆಗಲಿಲ್ಲ, ಅದನ್ನ ನಾನು ಹಿಡಿದುಕೊಂಡೆ. ಆರು ಹೊಲಿಗೆ ಹಾಕಿದರು. ಆರನೇದು ಹಾಕಿ ಕಡ್ಡಿ ವಾಪಸ್ ಕೊಟ್ಟು, "ನೋವು ಬರುತ್ತೆ, ನೀನು ಹಾಕು" ಅಂದರು. ಆ ಆರನ್ನ ನಾನು ಬಿಚ್ಚಲಿಲ್ಲ, ಅಲ್ಲಿಂದಲೇ ಮುಂದುವರಿಸಿದೆ. ಹೊದಿಕೆಯ ಒಂದು ಮೂಲೆಯಲ್ಲಿ ಅಂಚು ಸ್ವಲ್ಪ ಸಡಿಲ ಇದೆ, ಅದು ಅವರದ್ದು.

ರಜೆ ಮುಗಿಯೋಕೆ ಎರಡು ದಿನ ಇರುವಾಗ ಹೊದಿಕೆ ಮುಗಿಯಿತು. ಟೇಪ್ ಹಿಡಿದೆ, ಕೆಳಗೆ 93, ಮೇಲೆ 93. ರಾತ್ರಿ ಅಜ್ಜಿ ಮಂಚದ ಮೇಲೆ ಹಾಸಿಕೊಟ್ಟೆ. ಅವರು ಕಾಲು ಹತ್ರದ ಅಂಚನ್ನ ಎತ್ತಿ ನೋಡಿದರು, ಆಮೇಲೆ ತಲೆ ಹತ್ರದ್ದು.

"ಇದರಲ್ಲಿ ಬುಡ ಯಾವುದೋ?"

ನಾನೂ ಎರಡೂ ಕಡೆ ನೋಡಿದೆ. ತಕ್ಷಣಕ್ಕೆ ಗೊತ್ತಾಗಲಿಲ್ಲ. ಸಡಿಲ ಮೂಲೆ ಹುಡುಕಿ ತಲೆ ಕಡೆ ಇರೋದು ಬುಡ ಅಂತ ಹೇಳಿದೆ. ತಿರುಗಿಸಿ ಹಾಕಲಾ ಅಂತ ಕೇಳೋಷ್ಟರಲ್ಲಿ ಅವರು ಇನ್ನೊಂದು ಅಂಚನ್ನ ಪಾದದ ಕೆಳಗೆ ಸಿಕ್ಕಿಸಿಕೊಂಡು, ಕಾಲು ಚಾಚಿ, ಲೈಟ್ ಆರಿಸು ಅಂದರು.